ಕೆಂಪು ಅಕ್ಷರದಲ್ಲಿ ಅಜ್ಜಿಯ ಹೆಸರು

ನಾನು ಜಪಾನಿ ಕಲಿತದ್ದು ಕಾಲೇಜಿನಲ್ಲಿ ಅಲ್ಲ. ಓಂ ಬೀಚಿನ ಹತ್ತಿರದ ಒಂದು ಗೆಸ್ಟ್ ಹೌಸಿನಲ್ಲಿ ಹನ್ನೊಂದು ವರ್ಷ ರಿಜಿಸ್ಟರ್ ಬರೆಯುತ್ತ ಕೂತಿದ್ದೆ. ಬಂದ ಜಪಾನಿಯರನ್ನೆಲ್ಲ ಕಾಡಿ ಬೇಡಿ ಒಂದೊಂದೇ ಮಾತು ಕಲಿತೆ, ಪುಸ್ತಕ ತರಿಸಿಕೊಂಡೆ, ಬೆಂಗಳೂರಿಗೆ ಹೋಗಿ ಎರಡು ಹಂತದ ಪರೀಕ್ಷೆ ಪಾಸು ಮಾಡಿದೆ. ಆಮೇಲೆ ಕುಮಟೆಯ ಒಂದು ಹೈಸ್ಕೂಲಿನವರು ಶನಿವಾರ ಮಧ್ಯಾಹ್ನ ಜಪಾನಿ ಕ್ಲಾಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಆಗ ನನಗೆ ಐವತ್ತೆರಡು. ಮಕ್ಕಳು ನನ್ನನ್ನು ‘ಅಕ್ಕೋರೆ’ ಎಂದು ಕರೆದ ಮೊದಲ ದಿನ ಮನೆಗೆ ಬಂದು ಕನ್ನಡಿ ನೋಡಿಕೊಂಡದ್ದು ನಿಜ. ಹಾಗಂತ ಮೆತ್ತಗಿನ ಅಕ್ಕೋರೇನೂ ನಾನಾಗಲಿಲ್ಲ. ನನ್ನ ಬಾಯಿ ಜೋರು, ಒಂದು ಗೀಟು ಸೊಟ್ಟ ಬಿದ್ದರೂ ಸಹಿಸುತ್ತಿರಲಿಲ್ಲ. ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳು. ಭಟ್ಕಳದಿಂದ ಒಬ್ಬ ರೈಲಿನಲ್ಲಿ ಬರುತ್ತಿದ್ದ, ಹೊನ್ನಾವರದಿಂದ ಮೂವರು ಬಸ್ಸಿನಲ್ಲಿ.

ಹೋದ ವರ್ಷ ಮೇ ತಿಂಗಳಲ್ಲಿ ಅವರಲ್ಲಿ ಐವರು ಶಾಲಾ ವಿನಿಮಯದ ಮೇಲೆ ಜಪಾನಿನ ಒಂದು ಸಣ್ಣ ಬಂದರಿಗೆ ಹತ್ತು ದಿನ ಹೋಗಿಬಂದರು. ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಉಳಿದಿದ್ದರು. ಇದನ್ನೆಲ್ಲ ಹೊಂದಿಸಿದವರು ಹೊನ್ನಾವರದ ಒಬ್ಬ ನಿವೃತ್ತ ಮಾಸ್ತರರು. ಮಕ್ಕಳ ಫೋನ್ ನಂಬರು ಆ ಮನೆಯವರಿಗೆ ಕೊಡಬಾರದು, ಅವರದ್ದು ಮಕ್ಕಳು ಇಟ್ಟುಕೊಳ್ಳಬಾರದು, ಏನಿದ್ದರೂ ಕಾಗದದಲ್ಲಿ ಅಥವಾ ತಮ್ಮ ಮೂಲಕ ಎಂಬುದು ಅವರ ನಿಯಮ.

ಐವರಲ್ಲಿ ಒಬ್ಬಳು ಅಘನಾಶಿನಿಯ ಹುಡುಗಿ, ಒಂಬತ್ತನೆಯ ತರಗತಿ. ತಂದೆ ಬೋಟಿನಲ್ಲಿ ದುಡಿಯುತ್ತಾರೆ. ತಾಯಿ ಹೊಳೆಯ ನೀರು ಇಳಿದಾಗ ಕೆಸರಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾಳೆ, ಮಳೆಗಾಲದಲ್ಲಿ ಒಣಮೀನು ಮಾರುತ್ತಾಳೆ. ಈ ಹುಡುಗಿ ಉಳಿದುಕೊಂಡ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಎರಡನೆಯ ದಿನ ಅವರು ಇವಳನ್ನು ಸಮುದ್ರದ ಇಳಿತಕ್ಕೆ ಕರೆದೊಯ್ದು ಕೈಗೆ ಸಣ್ಣ ಕೈಕುಂಟೆಯಂಥದ್ದು ಕೊಟ್ಟು, ಮರಳಿನಲ್ಲಿ ಬಳಚು ಕೆದಕುವುದು ಹೇಗೆಂದು ತೋರಿಸಲು ಹೊರಟರಂತೆ. ಇವಳು ಅದನ್ನು ಪಕ್ಕಕ್ಕಿಟ್ಟು ಬರಿಗೈಯಲ್ಲಿ ಕೆದಕಿ, ಅಜ್ಜಿಗಿಂತ ಮೊದಲು ಬುಟ್ಟಿ ತುಂಬಿಸಿಬಿಟ್ಟಳು. ಅಜ್ಜಿ ನಕ್ಕು ನಕ್ಕು ಮರಳಿನ ಮೇಲೇ ಕೂತುಬಿಟ್ಟರಂತೆ. ಆಮೇಲೆ ಎಂಟು ದಿನವೂ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ.

ಹೊರಡುವ ದಿನ ಆ ಅಜ್ಜಿ ತಮ್ಮ ಎದೆಯ ಮೇಲೆ ಕೈಯಿಟ್ಟು, ಕ್ಯಾಲೆಂಡರಿನಲ್ಲಿ ಜೂನ್ ಕೊನೆಯ ವಾರವನ್ನು ತೋರಿಸಿದರು. ಹೃದಯದ ಆಪರೇಷನ್. ಅದಕ್ಕಿಂತ ಮೊದಲು ನಿನ್ನ ಕಾಗದ ಬರಲಿ, ಅದನ್ನು ಓದಿ ಒಳಗೆ ಹೋಗುತ್ತೇನೆ ಎಂದರಂತೆ. ಹುಡುಗಿ ಇದನ್ನು ನನಗೆ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

"ಅಕ್ಕೋರೆ, ಅಜ್ಜಿಗೆ ಎಂತಾದ್ರೂ ಆದ್ರೆ?" ಎಂದಳು.

"ಎಂತ ಆಗುದಿಲ್ಲ. ನೀ ಕಾಗದ ನೆಟ್ಟಗೆ ಬರಿ," ಎಂದೆ. ನೆಟ್ಟಗೆ ಬರೆದರೆ ಅಜ್ಜಿ ಉಳಿಯುತ್ತಾರೆ ಎನ್ನುವ ಹಾಗೆ ಹೇಳಿದ್ದೆ.

ಉಳಿದುಕೊಂಡ ಮನೆಗೆ ಕೃತಜ್ಞತೆಯ ಪತ್ರ ಬರೆಯುವುದನ್ನು ಜಪಾನಿನಲ್ಲಿ ತಡಮಾಡುವ ಹಾಗಿಲ್ಲ. ಮರಳಿ ಬಂದ ಒಂದೆರಡು ವಾರದಲ್ಲಿ ಹೋಗಬೇಕು. ನಾನು ಮೇ ಕೊನೆಯ ಶನಿವಾರ ಐವರನ್ನೂ ಕೂರಿಸಿ ಹಲಗೆಯ ಮೇಲೆ ಕ್ರಮ ಬರೆದೆ. ಮೇಲೆ ಅವರ ಹೆಸರು, ಹೆಸರಿಗೆ ‘ಸಾಮಾ’ ಎಂಬ ಗೌರವ. ನಿಮ್ಮ ಹೆಸರಿಗೆ ಮಾತ್ರ ಏನೂ ಹಚ್ಚಬಾರದು. ‘ಒಗೆಂಕಿ ದೆಸು ಕಾ’, ಅಂದರೆ ಆರಾಮ ಇದ್ದೀರಾ. ಆಮೇಲೆ ‘ಒಸೆವಾ ನಿ ನಾರಿಮಾಶಿತಾ’, ನಿಮ್ಮಿಂದ ನಮ್ಮ ಆರೈಕೆ ಆಯಿತು. ‘ಅರಿಗಾತೋ ಗೊಝಾಯಿಮಾಶಿತಾ’. ಉಪಕಾರ ಮುಗಿದದ್ದು, ಹಾಗಾಗಿ ಧನ್ಯವಾದವೂ ಮುಗಿದ ಕಾಲದಲ್ಲೇ ಹೇಳಬೇಕು. ನಂತರ ಅವರ ಮನೆಯಲ್ಲಿ ನಡೆದ ಒಂದು ಸಂಗತಿ, ಬೇರೆ ಯಾರ ಮನೆಗೂ ಹೊಂದದಂಥದ್ದು. ಕೊನೆಯಲ್ಲಿ ಮೈ ಕಾಪಾಡಿಕೊಳ್ಳಿ ಎಂಬ ಮಾತು, ತಾರೀಕು, ನಿಮ್ಮ ಹೆಸರು.

ಉಳಿದ ನಾಲ್ವರೂ ‘ಊರು ಚಂದ ಇತ್ತು, ಊಟ ರುಚಿಯಾಗಿತ್ತು’ ಎಂದು ಒಂದೇ ಅಚ್ಚಿನ ಕಾಗದ ಬರೆದರು. ಈ ಹುಡುಗಿ ಮೊದಲ ಸಾಲಿಗೇ ಬಳಚು ತಂದಿದ್ದಳು. ‘ಅಜ್ಜಿಯ ಬಳಚಿನ ಮಿಸೊ ಸಾರು ಬಹಳ ರುಚಿಯಾಗಿತ್ತು. ನನ್ನ ಆಯಿಯೂ ಬಳಚು ಹೆಕ್ಕುತ್ತಾಳೆ. ಅಜ್ಜಿಯ ಕೈಯೂ ಆಯಿಯ ಕೈಯೂ ಒಂದೇ ಥರ.’ ಆರು ತಿಂಗಳು ಕಲಿತ ಮಗು ತನಗೆ ಗೊತ್ತಿದ್ದ ನಲವತ್ತು ಶಬ್ದದಲ್ಲಿ ಇದನ್ನು ಬರೆದಿತ್ತು. ನನಗೆ ಅಳು ಬಂತು. ಬಂದರೂ ಬುದ್ಧಿ ಬಿಡಬೇಕಲ್ಲ. ಕುಶಲ ಕೇಳದೆ ಬಳಚಿನ ಸಾರಿಗೆ ಕೈ ಹಾಕ್ತೀಯೇನೇ ಎಂದು ಬೈದು, ಕೆಂಪು ಪೆನ್ನು ತೆಗೆದು ತಿದ್ದಿದೆ. ಅವಳು ಬರೀ ‘ಅಜ್ಜಿ’ ಎಂದು ಬರೆದ ಕಡೆಯೆಲ್ಲ ಗೀಟು ಹೊಡೆದು, ಆ ಅಜ್ಜಿಯ ಪೂರ್ತಿ ಹೆಸರನ್ನು ಚಂದದ ಅಕ್ಷರದಲ್ಲಿ ನಾನೇ ಬರೆದುಕೊಟ್ಟೆ. ಮೇಲೊಂದು ಕಡೆ, ನಡುವೆ ಒಂದು ಕಡೆ.

ಉಳಿದವರು ಅಲ್ಲೇ ಶುದ್ಧಪ್ರತಿ ಮಾಡಿ ಕೊಟ್ಟರು. ಇವಳು ಕೊಡಲಿಲ್ಲ.

"ಮನೆಲಿ ಬರಿತೆ ಅಕ್ಕೋರೆ. ಆಯಿಗೆ ತೋರ್ಸ್ಬೇಕು."

"ಆತು. ಸೋಮವಾರ ತಪ್ಪಬಾರ್ದು ನೋಡು."

ಸೋಮವಾರ ಲಕೋಟೆ ಬಂತು, ಅಂಟು ಹಚ್ಚಿಯಾಗಿತ್ತು. ಬಿಡಿಸಿ ನೋಡುವುದು ಸರಿಯಲ್ಲ ಎನ್ನಿಸಿತು. ಐದನ್ನೂ ಕುಮಟೆಯ ಅಂಚೆ ಕಚೇರಿಯಲ್ಲಿ ವಿದೇಶದ ರಿಜಿಸ್ಟರ್ ಮಾಡಿಸಿ ಬಂದೆ. ಕೌಂಟರಿನವರು ರಸೀದಿ ಕೊಟ್ಟು, ಫೋನಿನಲ್ಲಿ ನೋಡ್ತಾ ಇರಿ, ಎಲ್ಲಿ ಮುಟ್ಟಿತು ಗೊತ್ತಾಗ್ತದೆ ಎಂದರು.

ಅದು ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಜೂನ್ ಎರಡನೆಯ ಶನಿವಾರ. ಕ್ಲಾಸಿನ ಗೋಡೆಗೆ ಹಚ್ಚೋಣ, ನಿಮ್ಮ ಕಾಗದದ ಇನ್ನೊಂದು ಪ್ರತಿ ಇದ್ದರೆ ತನ್ನಿ ಎಂದಿದ್ದೆ. ಅವಳು ಎರಡು ಮಾಡಿ ಒಂದನ್ನು ಇಟ್ಟುಕೊಂಡಿದ್ದಳು, ಒಂದು ಗೀಟೂ ಹೆಚ್ಚುಕಡಿಮೆ ಇಲ್ಲದ ಜೋಡಿ. ಪ್ಲಾಸ್ಟಿಕ್ ಕವರಿನಿಂದ ಹುಷಾರಾಗಿ ತೆಗೆದು ಮೇಜಿನ ಮೇಲಿಟ್ಟಳು. ನೀಲಿ ಶಾಯಿಯ ಅಚ್ಚುಕಟ್ಟಾದ ಕಾಗದ. ಅದರಲ್ಲಿ ಎರಡು ಕಡೆ, ಅಜ್ಜಿಯ ಹೆಸರು ಮಾತ್ರ ರಕ್ತಗೆಂಪು. ಪೆನ್ನನ್ನು ಎರಡೆರಡು ಸಲ ಎಳೆದು ದಪ್ಪ ಮಾಡಿದ್ದಳು.

ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ.

"ಇದೆಂತಕ್ಕೆ ಕೆಂಪಲ್ಲಿ ಬರ್ದೆ?"

"ನೀವು ಹೆಸ್ರು ಕೆಂಪಲ್ಲಿ ಬರ್ದು ಕೊಟ್ಟಿದ್ರಲ್ಲ. ನಾನು ಆಯಿನ ಕೇಳ್ದೆ. ಹೌದೇ ಹೌದು, ಲಗ್ನಪತ್ರಿಕೆಲಿ ಹೆಸ್ರೆಲ್ಲ ಕೆಂಪೇ ಇರ್ತದೆ, ಕಪ್ಪಲ್ಲಿ ಹಾಕುದು ಸತ್ತವ್ರ ಕಾರ್ಡಿಗೆ, ಆಪರೇಷನ್‌ಗೆ ಹೋಗು ಹೆಂಗಸು, ಕೆಂಪಲ್ಲೇ ಬರಿ, ಚೊಲೋ ಆಗ್ತದೆ ಅಂದ್ಲು."

ಆ ತಾಯಿ ಹೇಳಿದ್ದರಲ್ಲಿ ಏನು ತಪ್ಪು? ನಮ್ಮಲ್ಲಿ ಶುಭವೆಂದರೆ ಕೆಂಪೇ. ಮದುವೆಯ ಕಾಗದವೂ ಕೆಂಪು, ದೇವರ ಮುಂದಿನ ಶ್ರೀಕಾರವೂ ಕೆಂಪು. ಆದರೆ ಜಪಾನಿನಲ್ಲಿ ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆಯುವುದಿಲ್ಲ. ಗಂಡನೋ ಹೆಂಡತಿಯೋ ಸತ್ತಾಗ ಗೋರಿಯ ಕಲ್ಲಿನಲ್ಲಿ ಉಳಿದವರ ಹೆಸರನ್ನೂ ಕೆತ್ತಿಸಿ, ಅವರು ಬದುಕಿರುವ ತನಕ ಅದಕ್ಕೆ ಕೆಂಪು ಬಣ್ಣ ತುಂಬಿರುತ್ತಾರೆ; ಹಾಗಾಗಿ ಬೇರೆಲ್ಲಿ ಕೆಂಪು ಹೆಸರು ಕಂಡರೂ ಅವರಿಗೆ ಗೋರಿಯೇ ನೆನಪಾಗುತ್ತದೆ. ಇನ್ನು ಕಾಗದದಲ್ಲಿ ಕೆಂಪು ಬಂದರೆ, ಇಲ್ಲಿಗೆ ನಮ್ಮ ಸಂಬಂಧ ಮುಗಿಯಿತು ಎಂದು ಅರ್ಥ ಮಾಡಿಕೊಳ್ಳುವವರಿದ್ದಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಗೆಸ್ಟ್ ಹೌಸಿನಲ್ಲಿ ಒಮ್ಮೆ ಒಬ್ಬ ಮುದುಕರ ಹೆಸರನ್ನು ಕೈಗೆ ಸಿಕ್ಕ ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಅವರ ಮುಖ ಬಿಳಚಿಕೊಂಡಿತು. ಬೇರೆ ಪೆನ್ನು ಕೇಳಿ, ಅದರ ಮೇಲೇ ತಿದ್ದಿ ಬರೆದು, ಬಗ್ಗಿ ನಮಸ್ಕಾರ ಮಾಡಿ ಎಲ್ಲ ವಿವರಿಸಿದ್ದರು. ಎಲ್ಲ ಗೊತ್ತಿದ್ದೂ, ಮಕ್ಕಳು ನನ್ನ ತಿದ್ದುಪಡಿಯನ್ನು ಅದರ ಬಣ್ಣದ ಸಮೇತ ಎತ್ತಿಕೊಳ್ಳುತ್ತಾರೆ ಎಂಬುದೊಂದು ಹೊಳೆಯಲಿಲ್ಲ.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಚೊಲೋ ಇದ್ಯಾ ಅಕ್ಕೋರೆ?"

"ಚೊಲೋ ಇದ್ದು," ಎಂದೆ. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದೆ. ಗೋಡೆಗೆ ನಾಲ್ಕೇ ಕಾಗದ ಬಿದ್ದವು. ಇವಳದ್ದು ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ.

ಅಂದು ಸಂಜೆ ಫೋನಿನಲ್ಲಿ ನೋಡಿದೆ. ಲಕೋಟೆ ಮುಂಬಯಿ ಬಿಟ್ಟಿತ್ತು. ಸೋಮವಾರ ಅಂಚೆ ಕಚೇರಿಗೆ ಹೋಗಿ, ವಾಪಸು ತರಿಸಲಾಗುತ್ತದಾ ಎಂದು ಕೇಳಿದೆ. ದೇಶ ಬಿಟ್ಟಾಯ್ತು ಬಾಯಿ, ಇನ್ನೆಲ್ಲಿಯ ವಾಪಸು ಎಂದರು. ಬಾಣ ಬಿಟ್ಟ ಮೇಲೆ ಬಿಲ್ಲು ಹಿಡಿದು ಕುಣಿದ ಹಾಗಾಯಿತು ನನ್ನ ಪಾಡು.

ಆದರೆ ದಾರಿ ಇರಲಿಲ್ಲವೆಂದಲ್ಲ. ಒಂದೇ ಒಂದು ಫೋನು ಸಾಕಿತ್ತು. ಹೊನ್ನಾವರದ ಮಾಸ್ತರರಿಗೆ ಹೇಳಿದರೆ ಅವರು ಅಲ್ಲಿಯ ಸಂಯೋಜಕರಿಗೆ ಹೇಳುತ್ತಿದ್ದರು, ಅವರು ಆ ಮನೆಗೆ. ಕಾಗದ ಮುಟ್ಟುವ ಮೊದಲೇ, ‘ನಮ್ಮಲ್ಲಿ ಕೆಂಪು ಮಂಗಳದ ಬಣ್ಣ, ತಪ್ಪು ತಿಳಿಯಬೇಡಿ’ ಎಂಬ ಮಾತು ಮುಟ್ಟುತ್ತಿತ್ತು. ಅದಕ್ಕೇ ಬುಧವಾರ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆ. ಶರಾವತಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಮಾಸ್ತರರು ಬಾಗಿಲಲ್ಲೇ ಎದುರಾದರು. "ಬರ್ರಿ ಬರ್ರಿ. ನಿಮ್ಮದೇ ಸುದ್ದಿ ಹೇಳ್ತಿದ್ದೆ. ಮಕ್ಕಳ ನಡತೆ ನೋಡಿ ಅಲ್ಲಿಯವ್ರು ಖುಷಿಯಾಗಿದಾರೆ. ಬರೂ ವರ್ಷ ಹತ್ತು ಮಕ್ಕಳನ್ನ ಕಳ್ಸಿ ಹೇಳ್ತಾರೆ. ನಿಮ್ಮ ಕ್ಲಾಸು ಹೊನ್ನಾವರದಲ್ಲೂ ಶುರು ಮಾಡುವ."

ಅವರ ಹೆಂಡತಿ ಅವಲಕ್ಕಿ ತಂದಿಟ್ಟರು. ನಾನು ತಿಂದೆ. ಚಹಾ ಕುಡಿದೆ. ಎಂತಕ್ಕೆ ಬಂದಿದ್ದು ಎಂದು ಅವರು ಕೇಳಿದಾಗ, ಸುಮ್ಮನೆ, ಈ ಕಡೆ ಕೆಲಸ ಇತ್ತು ಎಂದೆ. ಹಾಗೆಂದದ್ದು ನಾನೇ. ಆರು ವರ್ಷದ ಮಕ್ಕಳೂ ತಪ್ಪಾಯಿತು ಎನ್ನುತ್ತವೆ. ನನಗೆ ಆ ಹೊಗಳಿಕೆಯ ಮುಂದೆ ಬಾಯಿ ಏಳಲಿಲ್ಲ. ವಾಪಸು ಬರುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಕಾಲದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ, ಮಗು ಬರೆದದ್ದು, ವಿದೇಶದ ಮಗು, ನಕ್ಕು ಸುಮ್ಮನಾದಾರು.

ಮುಂದಿನ ವಾರ ಕುಮಟೆಯ ಪೇಟೆಯಲ್ಲಿ ಹುಡುಗಿಯ ತಾಯಿ ಸಿಕ್ಕಳು. ಒಣಮೀನಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದವಳು ನನ್ನನ್ನು ಕಂಡು ಎದ್ದೇ ನಿಂತಳು.

"ಎಂತ ಆತು ಅಕ್ಕೋರೆ, ಕಾಗದ ಮುಟ್ತಾ?"

"ಮುಟ್ಟಿರ್ಬೇಕು."

"ನಾ ದೇವ್ರಿಗೆ ಹರಕೆ ಹೊತ್ತಿದ್ದೆ. ಆ ಅಜ್ಜಿ ನಮ್ಮ ಹುಡ್ಗಿಗೆ ಬಿಸಿಬಿಸಿ ಬಡ್ಸಿ ಹಾಕ್ದೋರು. ಚೊಲೋ ಆಗ್ಲಿ ಅವ್ರಿಗೆ."

ಮನೆಗೆ ಬಂದು ಫೋನು ನೋಡಿದೆ. ಲಕೋಟೆ ಅದರ ಹಿಂದಿನ ದಿನವೇ ಆ ಮನೆಗೆ ಮುಟ್ಟಿತ್ತು. ಆಪರೇಷನ್ನಿಗೆ ಇನ್ನು ಎಂಟು ದಿನ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆಮೇಲೆ ಯಾವ ಫೋನು ಬಂದರೂ ನಾನು ಬೆಚ್ಚಿಬೀಳುತ್ತಿದ್ದೆ. ಹೊನ್ನಾವರದ ನಂಬರು ಕಂಡರಂತೂ ಎತ್ತುತ್ತಿರಲಿಲ್ಲ. ಜೂನ್ ಮುಗಿಯಿತು. ಉಳಿದ ನಾಲ್ಕು ಮನೆಗಳಿಂದ ಒಂದೊಂದಾಗಿ ಉತ್ತರ ಬಂದವು, ಫೋಟೊ, ಸ್ಟಿಕರು, ಬಣ್ಣದ ಕಾಗದದ ಕೊಕ್ಕರೆ. ಪ್ರತಿ ಶನಿವಾರ ಆ ಹುಡುಗಿ ಕ್ಲಾಸಿಗೆ ಕಾಲಿಡುತ್ತಲೇ ನನ್ನ ಮೇಜಿನ ಮೇಲೆ ಕಣ್ಣಾಡಿಸುವಳು. ಏನೂ ಕೇಳದೆ ಹೋಗಿ ಕೂರುವಳು.

ಜುಲೈ ಮೂರನೆಯ ಶನಿವಾರ ಅವಳ ಹೆಸರಿಗೆ ಕಾಗದ ಬಂದಿತ್ತು. ಶಾಲೆಯ ವಿಳಾಸಕ್ಕೆ ಬಂದದ್ದನ್ನು ಗುಮಾಸ್ತರು ಸೀದಾ ಅವಳ ಕೈಗೇ ಕೊಟ್ಟಿದ್ದರು. ಅವಳು ಎಲ್ಲರ ಎದುರು ಲಕೋಟೆ ಒಡೆದಳು. ಒಳಗೆ ಒಂದೇ ಹಾಳೆ. ಅಜ್ಜಿಯೇ ಬರೆದದ್ದು. ದೊಡ್ಡವರ ಕಠಿಣ ಲಿಪಿ ಒಂದೂ ಇಲ್ಲ. ಮಕ್ಕಳು ಮೊದಲು ಕಲಿಯುವ ಹಿರಗಾನದಲ್ಲೇ, ದೊಡ್ಡ ದೊಡ್ಡ ಅಕ್ಷರ ಮಾಡಿ, ಶಬ್ದ ಶಬ್ದದ ನಡುವೆ ಜಾಗ ಬಿಟ್ಟು ಬರೆದಿದ್ದರು. ಗೀಟುಗಳು ನಡುಗಿದ್ದವು. ಹುಡುಗಿ ಯಾರ ಸಹಾಯವೂ ಇಲ್ಲದೆ ಓದಲಿ ಎಂದೇ ಬರೆದ ಕಾಗದ ಅದು. ಅವಳು ಹಾಗೆಯೇ ಓದಿದಳು, ಬೆರಳಿಟ್ಟು, ಗಟ್ಟಿಯಾಗಿ.

‘ಒತೆಗಾಮಿ ಅರಿಗಾತೋ.’ ಕಾಗದಕ್ಕೆ ಥ್ಯಾಂಕ್ಸ್. ಹುಡುಗಿ ನಕ್ಕಳು.

‘ನಾನಿಕಾ ವಾರುಯಿ ಕೊತೊ ಓ ಶಿಮಾಶಿತಾ ಕಾ.’ ಅಲ್ಲಿ ನಿಂತಳು. ಇನ್ನೊಮ್ಮೆ ಓದಿದಳು. ಮುಂದಿನ ಶಬ್ದ ಒಂದೇ. ‘ಗೊಮೆನ್ನಾಸಾಯಿ.’

ಕ್ಲಾಸಿನಲ್ಲಿ ಅರ್ಥ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆ ಶಬ್ದಗಳನ್ನೆಲ್ಲ ನಾನೇ ಕಲಿಸಿದ್ದೆ. ನಾನು ಏನಾದರೂ ತಪ್ಪು ಮಾಡಿದೆನೇ? ಕ್ಷಮಿಸು.

"ಅಕ್ಕೋರೆ, ಅಜ್ಜಿ ಎಂತಕ್ಕೆ ತಪ್ಪಾಯ್ತು ಹೇಳ್ತಾರೆ?"

ಉಳಿದ ಮಕ್ಕಳನ್ನು ಹೊರಗೆ ಕಳಿಸಿದೆ. ಅವಳ ಎದುರಿನ ಬೆಂಚಿನಲ್ಲಿ ಕೂತು ಎಲ್ಲ ಹೇಳಿದೆ. ಕೆಂಪಿನಲ್ಲಿ ಹೆಸರು ಬರೆದರೆ ಅವರಿಗೆ ಏನಾಗಿ ಕಾಣುತ್ತದೆ ಎಂದು. ನಿನ್ನದೂ ತಪ್ಪಲ್ಲ, ನಿನ್ನ ಆಯಿದೂ ತಪ್ಪಲ್ಲ, ತಿದ್ದಿದವಳು ನಾನು ಎಂದು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ನಿಮಗೆ ಯಾವಾಗ ಗೊತ್ತಾತು?"

ಇವತ್ತೇ ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. "ನೀ ಇನ್ನೊಂದು ಪ್ರತಿ ತಂದು ಕೊಟ್ಟ ದಿನ," ಎಂದೆ.

ಅವಳ ಎದುರೇ ಹೊನ್ನಾವರಕ್ಕೆ ಫೋನು ಮಾಡಿದೆ. ಮಾಸ್ತರರು ಸಿಟ್ಟು ಮಾಡಲಿಲ್ಲ, ಇಷ್ಟೇನಾ, ಈಗಲೇ ಹೇಳಿಸ್ತೆ, ಅವ್ರಿಗೂ ಅರ್ಥ ಆಗ್ತದೆ ಎಂದರು. ಮುಕ್ಕಾಲು ತಾಸಿನ ಮೇಲೆ ತಿರುಗಿ ಅವರ ಫೋನು ಬಂತು. ಅಷ್ಟು ಹೊತ್ತೂ ಹುಡುಗಿ ಎದ್ದಿರಲಿಲ್ಲ, ಮನೆಗೆ ಹೋಗುವ ಬಸ್ಸನ್ನೂ ಬಿಟ್ಟಿದ್ದಳು.

ಅಜ್ಜಿ ಆ ಕಾಗದವನ್ನು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಬರೆದಿದ್ದರು. ‘ನಾನು ಮಗುವಿಗೆ ಏನು ನೋವು ಮಾಡಿದೆ’ ಎಂದು ಸೊಸೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಬರಿಗೈಯಲ್ಲಿ ಕೆದಕಿದಾಗ ನಕ್ಕೆನಲ್ಲ, ಅದಕ್ಕೇ ಇರಬೇಕು ಎಂದಿದ್ದರಂತೆ. ಆಪರೇಷನ್ ಆಯಿತು. ನಾಲ್ಕನೆಯ ದಿನ ಹೋಗಿಬಿಟ್ಟರು. ಮಗುವಿಗೆ ದುಃಖವಾಗುತ್ತದೆ ಎಂದು ಮನೆಯವರು ಹೇಳಿ ಕಳಿಸಿರಲಿಲ್ಲ.

ಫೋನು ಕೆಳಗಿಟ್ಟು ಅವಳಿಗೆ ಹೇಳಿದೆ. ಹೇಗೆ ಹೇಳಿದೆ ಎಂದು ನೆನಪಿಲ್ಲ. ಅವಳು ಕೇಳಿದ್ದು ಮಾತ್ರ ನೆನಪಿದೆ.

"ನಾ ನಿಮ್ಗೆ ಆ ಪ್ರತಿ ಕೊಟ್ಟ ದಿನ ಅಜ್ಜಿ ಇದ್ರು ಅಲ್ದಾ ಅಕ್ಕೋರೆ?"

"ಇದ್ರು."

"ಮುಂದಿನ ವಾರನೂ ಇದ್ರು?"

"ಇದ್ರು."

ಅವಳು ಕಾಗದವನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡು ಎದ್ದು ಹೋದಳು. ನಾನು ಆ ಬೆಂಚಿನ ಮೇಲೆ ಕೂತು ಅತ್ತೆ. ಕಸ ಗುಡಿಸುವವಳು ಬಂದು ಬಾಗಿಲು ಹಾಕಬೇಕು ಎಂದಳು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ. ನನಗೆ ಬುದ್ಧಿ ಮೊದಲೇ ಇತ್ತು, ಧೈರ್ಯ ಇರಲಿಲ್ಲ. ಅದಕ್ಕೆ ಯಾವ ಗಾದೆಯೂ ಇಲ್ಲ.

ಅವಳು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಬಂದಳು. ಮೇಜಿನ ಮೇಲೆ ಒಂದು ಲಕೋಟೆ ಇಟ್ಟಳು. ವಿಳಾಸವನ್ನು ಅವಳೇ ಬರೆದಿದ್ದಳು, ಅಂಟೂ ಹಚ್ಚಿದ್ದಳು.

"ಅಜ್ಜಿ ಮನೆಯವ್ರಿಗೆ. ರಿಜಿಸ್ಟರ್ ಮಾಡ್ಸಿ."

"ಸತ್ತಲ್ಲಿಗೆ ಬರೆಯೂ ಕಾಗದಕ್ಕೆ ಬೇರೆ ಪದ್ಧತಿ ಉಂಟು. ನಾ ಒಂದ್ಸಲ ನೋಡ್ಲಾ?" ಎಂದೆ.

"ಬೇಡ," ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ಹೋಗಿ ತನ್ನ ಜಾಗದಲ್ಲಿ ಕೂತು ವಹಿ ತೆಗೆದಳು.

ಸೋಮವಾರ ಅದನ್ನು ರಿಜಿಸ್ಟರ್ ಮಾಡಿಸಿದೆ. ಒಂದು ಚುಕ್ಕಿ ತಪ್ಪಿದರೂ ಮೂರು ಸಲ ಬರೆಸುವವಳು, ಒಳಗೆ ಎಷ್ಟು ತಪ್ಪಿದೆಯೋ, ನನ್ನ ವಿಷಯ ಏನು ಬರೆದಿದ್ದಾಳೋ ಒಂದೂ ತಿಳಿಯದೆ ಅದನ್ನು ಕೌಂಟರಿನ ಒಳಗೆ ತಳ್ಳಿದೆ.